ಬಾಲ್‌ಪೆನ್ ಗೀಟಿಗೆ ಸ್ಪಿರಿಟ್: ಎಲ್ಲಿ ಸರಿ, ಎಲ್ಲಿ ಎಚ್ಚರ?

ಬಾಲ್‌ಪೆನ್ನಿನ ಶಾಯಿ ಎಣ್ಣೆಯಂತೆ ಜಿಗುಟು. ನೀರಿಗೆ ಜಗ್ಗದು, ಸ್ಪಿರಿಟ್ಟಿಗೆ ಕರಗುತ್ತದೆ. ಮಗುವಿನ ನೈಲಾನ್ ಸ್ಕೂಲ್ ಬ್ಯಾಗಿಗೆ ಇದೇ ಸುಲಭದ ದಾರಿ. ಕಲೆಯ ಹಿಂಬದಿಗೆ ಹಳೇ ಬಟ್ಟೆ ಇಟ್ಟು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒತ್ತಿ. ಹತ್ತಿ ನೀಲಿಯಾದಂತೆಲ್ಲ ಬದಲಿಸಿ. ಉಜ್ಜಿದರೆ ಕಲೆ ಹರಡುತ್ತದೆ. ಕೊನೆಗೆ ಸೋಪುನೀರಿನಲ್ಲಿ ತೊಳೆಯಿರಿ.

ಚರ್ಮದ ಸೋಫಾ, ಪಾಲಿಶ್ ಮಾಡಿದ ಮೇಜಿಗೆ ಮಾತ್ರ ಎಚ್ಚರ ಬೇಕು. ಚರ್ಮದ ಮೇಲಿನ ಬಣ್ಣ, ಮರದ ಮೇಲಿನ ಅರಗಿನ ಪಾಲಿಶ್ ಎರಡನ್ನೂ ಸ್ಪಿರಿಟ್ ಕರಗಿಸಬಲ್ಲದು. ಮೊದಲು ಸೋಪುನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಹೋಗದಿದ್ದರೆ, ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ಪಿರಿಟ್ಟಿನ ಹತ್ತಿ ಒತ್ತಿ ನೋಡಿ. ಹತ್ತಿಗೆ ಸೋಫಾದ ಬಣ್ಣ ಬಂದರೆ ಅಥವಾ ಮೇಜು ಅಂಟಂಟಾದರೆ ಅಲ್ಲಿಗೇ ನಿಲ್ಲಿಸಿ. ಮಾಸಲು ಗೀಟಿಗಿಂತ ಬಣ್ಣ ಹೋದ ಮಚ್ಚೆ ಹೆಚ್ಚು ಕಾಣುತ್ತದೆ.