ಫೋಟೊ ಇಲ್ಲದ ನೀರಿನ ವರದಿ

ನೀರು ಪರೀಕ್ಷೆಯ ವರದಿಯಲ್ಲಿ ರೈತರ ಹೆಸರು, ಮೊಬೈಲ್ ಸಂಖ್ಯೆ, ಸರ್ವೆ ನಂಬರ್ ಎಲ್ಲವೂ ಇರುತ್ತವೆ. ಅದರ ಫೋಟೊ ಕಂಡಕಂಡವರ ಫೋನಿಗೆ ಹೋಗಬಾರದೆಂದು ಕೆಲವರು ಕಳಿಸಿದ್ದನ್ನು ಅಳಿಸುತ್ತಾರೆ. ಆಮೇಲೆ ಅಂಕಿಗಳನ್ನಷ್ಟೇ ಟೈಪ್ ಮಾಡಿ, 'ಈ ನೀರು ದಾಳಿಂಬೆಗೆ ಆಗುತ್ತಾ ಸರ್?' ಎಂದು ಕೇಳುತ್ತಾರೆ. ಅಳಿಸಿದ್ದು ಸರಿಯೇ. ಆದರೆ ಫೋಟೊದ ಜೊತೆಗೆ ಅಳತೆಯ ಮಾನ, ಕಾಲಂ ಶೀರ್ಷಿಕೆ, ಪರೀಕ್ಷೆಯ ವಿಧಾನ ಕೂಡ ಅಳಿಸಿಹೋಗಿರುತ್ತವೆ. ಉಳಿದ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಬಯಲುಸೀಮೆಯ ಕೊಳವೆಬಾವಿಯ ನೀರಿಗೆ ಹೊಂದುವ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಸಂದೇಶ ಹೀಗಿದೆ: ಪಿಎಚ್ 8.1, ಇಸಿ 1.6, ಕ್ಯಾಲ್ಸಿಯಂ 60, ಮೆಗ್ನೀಸಿಯಂ 36, ಸೋಡಿಯಂ 230, ಬೈಕಾರ್ಬೊನೇಟ್ 61, ಕ್ಲೋರೈಡ್ 142, ಸಲ್ಫೇಟ್ 96.

ನೀರಾವರಿಯ ನೀರಿನಲ್ಲಿ ಮೊದಲು ನೋಡುವ ಲೆಕ್ಕಗಳಲ್ಲಿ ಆರ್‌ಎಸ್‌ಸಿ, ಅಂದರೆ ಉಳಿಕೆ ಸೋಡಿಯಂ ಕಾರ್ಬೊನೇಟ್, ಒಂದು. ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್‌ಗಳ ಮೊತ್ತದಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಮೊತ್ತವನ್ನು ಕಳೆದರೆ ಅದು ಸಿಗುತ್ತದೆ. ಉತ್ತರ 1.25ರ ಒಳಗಿದ್ದರೆ ನೀರು ಸುರಕ್ಷಿತ. 2.5ರವರೆಗೆ ಎಚ್ಚರದಿಂದ ಬಳಸಬೇಕು. ಅದನ್ನೂ ದಾಟಿದರೆ ಹಾಗೇ ಬಳಸುವುದು ಬೇಡ, ವರ್ಷಗಳು ಕಳೆದಂತೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದೇ ನಿಲ್ಲುತ್ತದೆ. ಈ ಲೆಕ್ಕ ಮಿಲಿಗ್ರಾಂನಲ್ಲಿ ನಡೆಯುವುದಿಲ್ಲ. ಎಲ್ಲವನ್ನೂ ಮಿಲಿ ಈಕ್ವಿವಲೆಂಟ್‌ಗೆ ತರಬೇಕು. ಅದಕ್ಕೆ ಕ್ಯಾಲ್ಸಿಯಂ ಅನ್ನು 20ರಿಂದ, ಮೆಗ್ನೀಸಿಯಂ ಅನ್ನು 12ರಿಂದ, ಬೈಕಾರ್ಬೊನೇಟ್ ಅನ್ನು 61ರಿಂದ ಭಾಗಿಸಿದರೆ ಸಾಕು. ನಮ್ಮ ಸಂದೇಶದಲ್ಲಿ ಕ್ಯಾಲ್ಸಿಯಂ 3, ಮೆಗ್ನೀಸಿಯಂ 3, ಬೈಕಾರ್ಬೊನೇಟ್ 1 ಬರುತ್ತದೆ. ಒಂದರಲ್ಲಿ ಆರು ಕಳೆದರೆ ಋಣ ಐದು. ಬಹಳ ಒಳ್ಳೆಯ ನೀರು, ಧೈರ್ಯವಾಗಿ ಬಿಡಿ ಎಂದು ಉತ್ತರಿಸುವ ಆಸೆ ಆಗುವುದು ಇಲ್ಲೇ.

ಉತ್ತರಿಸುವ ಮುನ್ನ ಇನ್ನೊಂದು ಲೆಕ್ಕ ಮಾಡಬೇಕು. ನೀರಿನಲ್ಲಿ ಕರಗಿದ ಲವಣಗಳಲ್ಲಿ ಧನ ವಿದ್ಯುದಂಶದವೂ ಋಣ ವಿದ್ಯುದಂಶದವೂ ಸಮನಾಗಿರಲೇಬೇಕು. ಸೋಡಿಯಂ ಅನ್ನು 23ರಿಂದ ಭಾಗಿಸಿದರೆ 10. ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ ಧನ ಪಕ್ಷದ ಮೊತ್ತ 16. ಕ್ಲೋರೈಡನ್ನು 35.5ರಿಂದ ಭಾಗಿಸಿದರೆ 4, ಸಲ್ಫೇಟನ್ನು 48ರಿಂದ ಭಾಗಿಸಿದರೆ 2. ಬೈಕಾರ್ಬೊನೇಟಿನ 1 ಸೇರಿಸಿದರೂ ಋಣ ಪಕ್ಷ ಬರೀ 7. ಹತ್ತರಲ್ಲೊಂದು ಪಾಲಿನಷ್ಟು ಹೆಚ್ಚುಕಮ್ಮಿ ಇದ್ದರೆ ಬಿಡಬಹುದಿತ್ತು. ಇದು ಅರ್ಧಕ್ಕಿಂತ ಕಡಿಮೆ.

ಯಾವ ಪಕ್ಕದಲ್ಲಿ ತಪ್ಪಾಗಿದೆ ಎಂಬುದನ್ನು ಇಸಿ ಹೇಳುತ್ತದೆ. ಡೆಸಿಸೀಮನ್ಸ್ ಲೆಕ್ಕದ ಇಸಿಯನ್ನು ಹತ್ತರಿಂದ ಗುಣಿಸಿದರೆ ಒಂದು ಪಕ್ಷದ ಮೊತ್ತಕ್ಕೆ ಸಮೀಪದ ಸಂಖ್ಯೆ ಬರುತ್ತದೆ. 1.6ಕ್ಕೆ 16. ಧನ ಪಕ್ಷ ಸರಿಯಿದೆ, ಎಡವಟ್ಟಾಗಿರುವುದು ಋಣ ಪಕ್ಷದಲ್ಲಿ, ಅಲ್ಲಿ 9 ಕಡಿಮೆ ಬಿದ್ದಿದೆ.

61 ಅಂದರೆ 610 ಇರಬೇಕು, ಸೊನ್ನೆ ಬಿಟ್ಟುಹೋಗಿದೆ ಎಂದು ಕೂಡಲೇ ಹೊಳೆಯುತ್ತದೆ. 610 ಆದರೆ ಬೈಕಾರ್ಬೊನೇಟ್ 10 ಆಗಿ ಎರಡೂ ಪಕ್ಷ ಸಮ. ಆಗ ಆರ್‌ಎಸ್‌ಸಿ 4, ಅಂದರೆ ಹಾಗೇ ಬಿಡಬಾರದ ನೀರು. ಆದರೆ ಕ್ಲೋರೈಡ್ 142ರ ಬದಲು 461 ಇದ್ದರೂ ಅದೇ ಕೊರತೆ ತುಂಬುತ್ತದೆ. ಆಗ ಆರ್‌ಎಸ್‌ಸಿ ಋಣ ಐದರಲ್ಲೇ ಉಳಿಯುತ್ತದೆ, ತೊಂದರೆ ಕ್ಲೋರೈಡಿನದಾಗುತ್ತದೆ. ಮೊದಲನೆಯದಕ್ಕೆ ಜಿಪ್ಸಂ ಮದ್ದು. ಎರಡನೆಯದರಲ್ಲಿ ಆರ್‌ಎಸ್‌ಸಿ ತಗ್ಗಿಸಲೆಂದು ಜಿಪ್ಸಂ ಸುರಿದರೆ ನೀರಿನ ಉಪ್ಪು ಇನ್ನಷ್ಟು ಏರುತ್ತದೆ, ಅಷ್ಟೇ. ಪಿಎಚ್ 8.1 ಇರುವುದರಿಂದ ನನ್ನ ಒಲವು ಮೊದಲನೆಯದರ ಕಡೆಗಿದೆ. ಆದರೆ ಒಲವನ್ನು ನಂಬಿಕೊಂಡು ಮೂಟೆ ಲೆಕ್ಕ ಹೇಳಲಾಗದು. ಲೆಕ್ಕ ತಪ್ಪನ್ನು ಹಿಡಿದುಕೊಡುತ್ತದೆ, ಸರಿಯಾದ ಅಂಕಿ ಯಾವುದೆಂದು ಹೇಳುವುದು ವರದಿ ಮಾತ್ರ.

ಈ ಲೆಕ್ಕಕ್ಕೂ ಸಿಗದೆ ನುಸುಳುವ ತಪ್ಪು ಒಂದಿದೆ. ಎಷ್ಟೋ ವರದಿಗಳಲ್ಲಿ ಬೈಕಾರ್ಬೊನೇಟಿನ ಬದಲು ಒಟ್ಟು ಕ್ಷಾರೀಯತೆಯನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಕೊಡುತ್ತಾರೆ. ಅದೇ ನೀರಿಗೆ ಅಲ್ಲಿ 500 ಎಂದಿರುತ್ತದೆ, ಅದನ್ನು ಭಾಗಿಸಬೇಕಾದದ್ದು 50ರಿಂದ. ಟೈಪ್ ಮಾಡುವವರು 'ಬೈಕಾರ್ಬೊನೇಟ್ 500' ಎಂದು ಬರೆದರೆ ನಾವು 61ರಿಂದ ಭಾಗಿಸಿ 8.2 ತೆಗೆಯುತ್ತೇವೆ. ಋಣ ಪಕ್ಷ 14.2 ಆಗಿ ಹೆಚ್ಚುಕಮ್ಮಿ ಸರಿಯೆಂದೇ ಕಾಣುತ್ತದೆ. ಆರ್‌ಎಸ್‌ಸಿ ಮಾತ್ರ 4 ಇರುವ ಕಡೆ 2.2 ಬರುತ್ತದೆ. 'ಬೇಡ' ಎನ್ನಬೇಕಾದ ನೀರಿಗೆ 'ಎಚ್ಚರದಿಂದ ಬಳಸಿ' ಎಂದಂತಾಯಿತು.

ಇನ್ನೊಂದು ತಪ್ಪನ್ನು ನೋಡಿದರೆ ನಗು ಬರುತ್ತದೆ. ಕುಡಿಯುವ ನೀರಿನ ವರದಿಯಲ್ಲಿ ಫಲಿತಾಂಶದ ಪಕ್ಕದಲ್ಲೇ ಮಿತಿಯ ಕಾಲಂ ಇರುತ್ತದೆ. ಕಣ್ಣು ಜಾರಿ ಅದನ್ನೇ ಟೈಪ್ ಮಾಡಿಬಿಡುತ್ತಾರೆ. ಕ್ಲೋರೈಡ್ 250, ಗಡಸುತನ 200, ನೈಟ್ರೇಟ್ 45, ಫ್ಲೋರೈಡ್ 1.0 ಎಂದು ದುಂಡುದುಂಡಾಗಿ ಬಂದರೆ ಅದು ನಿಮ್ಮ ಬಾವಿಯ ನೀರಲ್ಲ, ಭಾರತೀಯ ಮಾನಕ ಬ್ಯೂರೋದ ಮಿತಿ.

ಮಣ್ಣಿನ ವರದಿಯಲ್ಲಂತೂ ಹೀಗೆ ಪಕ್ಷ ಸಮ ಮಾಡಿ ನೋಡುವ ಅನುಕೂಲವೇ ಇಲ್ಲ. ರಂಜಕ 20 ಎಂದು ಬಂದರೆ ಅದು ಬರೀ ರಂಜಕವೋ, ರಂಜಕದ ಪೆಂಟಾಕ್ಸೈಡ್ ಲೆಕ್ಕವೋ ಗೊತ್ತಾಗದು. ಎರಡಕ್ಕೂ 2.29 ಪಟ್ಟು ವ್ಯತ್ಯಾಸ. ಹೆಕ್ಟೇರಿಗೆ ಇಷ್ಟು ಕಿಲೋ ಎಂದೋ, ಎಕರೆಗೆ ಎಂದೋ ಬರೆಯದಿದ್ದರೆ ಇನ್ನೂ ಎರಡೂವರೆ ಪಟ್ಟು. ಮಾನವಿಲ್ಲದ ಮಣ್ಣಿನ ಅಂಕಿಗೆ ಗೊಬ್ಬರದ ಪ್ರಮಾಣ ಹೇಳದಿರುವುದೇ ಲೇಸು.

ಹಾಗಾದರೆ ನಮ್ಮ ದಾಳಿಂಬೆ ಬೆಳೆಗಾರರಿಗೆ ಏನು ಹೇಳಬಹುದು? ಅಂಕಿ ಯಾವ ಕಡೆ ತಿರುಗಿದರೂ ನಿಲ್ಲುವ ಮಾತನ್ನು ಹೇಳಬಹುದು. ಇಸಿಯೂ ಧನ ಪಕ್ಷವೂ ಬೇರೆ ಬೇರೆ ಪರೀಕ್ಷೆಯಿಂದ ಬಂದು ಒಂದನ್ನೊಂದು ಒಪ್ಪಿಕೊಂಡಿವೆ. ಆದ್ದರಿಂದ ಲೀಟರಿಗೆ ಸುಮಾರು ಒಂದು ಗ್ರಾಂ ಉಪ್ಪಿದೆ, ಧನ ಪಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಸೋಡಿಯಂ ಇದೆ ಎಂಬಷ್ಟನ್ನು ನಂಬಬಹುದು. ಅಷ್ಟರ ಮೇಲೆ, ಈ ನೀರನ್ನು ಬಿಸಿಲಲ್ಲಿ ಎಲೆಯ ಮೇಲೆ ಸಿಂಪಡಿಸಬೇಡಿ, ಎಳೆ ಸಸಿಗಳಿಗೆ ಮಳೆನೀರೋ ಬೇರೆ ನೀರೋ ಸಿಕ್ಕರೆ ಅದನ್ನೇ ಕೊಡಿ, ನೀರು ನಿಲ್ಲದಂತೆ ಬಸಿಗಾಲುವೆ ಸರಿಮಾಡಿ, ಕೊಟ್ಟಿಗೆ ಗೊಬ್ಬರ ನಿಲ್ಲಿಸಬೇಡಿ ಎನ್ನಬಹುದು. ಇವುಗಳಿಂದ ಎರಡೂ ಸಂದರ್ಭದಲ್ಲಿ ನಷ್ಟವಿಲ್ಲ.

ಹೇಳಬಾರದ್ದು ಪ್ರಮಾಣ. ಒಂದು ಮಿಲಿ ಈಕ್ವಿವಲೆಂಟ್ ಆರ್‌ಎಸ್‌ಸಿ ತಗ್ಗಿಸಲು ಸಾವಿರ ಲೀಟರಿಗೆ 86 ಗ್ರಾಂ ಶುದ್ಧ ಜಿಪ್ಸಂ ಬೇಕು. ನಾಲ್ಕನ್ನು ಎರಡೂವರೆಗೆ ಇಳಿಸಲು 129 ಗ್ರಾಂ. ಲೆಕ್ಕ ಸುಲಭವಾಗಿದೆ ಎಂಬುದೇ ಇಲ್ಲಿನ ಅಪಾಯ. ಆ 'ನಾಲ್ಕು' ಖಚಿತವಾಗುವವರೆಗೆ ಜಿಪ್ಸಂ ತೂಕವನ್ನಾಗಲಿ, ಡ್ರಿಪ್ ಪೈಪಿಗೆ ಬಿಡುವ ಆಸಿಡ್ ಅಳತೆಯನ್ನಾಗಲಿ, ಬೆಳೆ ಬದಲಿಸುವ ಮಾತನ್ನಾಗಲಿ ಆಡಬಾರದು. ಅದೇ ನೀರನ್ನು ಮನೆಯವರು ಕುಡಿಯುತ್ತಿದ್ದರೆ ಟೈಪ್ ಮಾಡಿದ ಅಂಕಿ ನೋಡಿ 'ಕುಡಿಯಿರಿ' ಎಂದು ಯಾರೂ ಹೇಳಬಾರದು. ಫ್ಲೋರೈಡ್, ನೈಟ್ರೇಟ್ ಅನುಮಾನವಿದ್ದರೆ ಕುದಿಸಿಯೂ ಪ್ರಯೋಜನವಿಲ್ಲ, ನೀರು ಆವಿಯಾದಷ್ಟೂ ಅವು ಗಟ್ಟಿಯಾಗುತ್ತವೆ. ಮರುಪರೀಕ್ಷೆಯವರೆಗೆ ಮಕ್ಕಳಿಗೆ ಬೇರೆ ನೀರು ಕೊಡಿ ಎನ್ನುವುದು ಎಂದಿಗೂ ಸುರಕ್ಷಿತ.

ನೀವು ಟೈಪ್ ಮಾಡುವಾಗ ಹೆಸರು, ಫೋನ್, ಸರ್ವೆ ನಂಬರ್ ಬಿಡಿ, ಉಳಿದದ್ದನ್ನು ಸಾಲು ಸಾಲಾಗಿ ಇದ್ದಹಾಗೇ ಇಳಿಸಿ. ಪ್ರತಿ ಅಂಕಿಯ ಮುಂದೆ ಅದರ ಮಾನ ಬರೆಯಿರಿ. 'ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ' ಎಂಬಂಥ ಸಣ್ಣಕ್ಷರದ ಸಾಲನ್ನೂ, ಮಾದರಿ ತೆಗೆದ ತಾರೀಕನ್ನೂ ಬಿಡಬೇಡಿ. ಖಾಲಿ ಇದ್ದ ಕಡೆ ಸೊನ್ನೆ ಹಾಕದೆ 'ಖಾಲಿ' ಎಂದೇ ಬರೆಯಿರಿ. ಆಮೇಲೆ ಮನೆಯ ಇನ್ನೊಬ್ಬರಿಗೆ ವರದಿ ಕೊಟ್ಟು ಗಟ್ಟಿಯಾಗಿ ಓದಿಸಿ, ನೀವು ಫೋನ್ ನೋಡುತ್ತಾ ತಾಳೆ ಹಾಕಿ. ವರದಿಯೇ ಕಳೆದುಹೋಗಿದ್ದರೆ ಪಂಪನ್ನು ಒಂದಷ್ಟು ಹೊತ್ತು ಓಡಿಸಿ, ಅದೇ ನೀರಿನಲ್ಲಿ ತೊಳೆದ ಬಾಟಲಿಗೆ ಕಂಠಪೂರ್ತಿ ತುಂಬಿ, ಮತ್ತೆ ಪ್ರಯೋಗಾಲಯಕ್ಕೆ ಕೊಡಿ.