ಚೌತಿಯ ಉಪನ್ಯಾಸದಲ್ಲಿ ಸ್ಯಮಂತಕ ಶ್ಲೋಕ: ವದಂತಿ, ಸಾಕ್ಷ್ಯ ಮತ್ತು ಉದ್ಧರಣೆ

1. ಪ್ರಸ್ತಾವನೆ

ಗಣೇಶೋತ್ಸವದ ಕಿರು ಉಪನ್ಯಾಸಗಳಲ್ಲಿ ಸ್ಯಮಂತಕ ಮಣಿಯ ಕಥೆಗೆ ನಿಶ್ಚಿತ ಸ್ಥಾನವಿದೆ. ಚೌತಿಯ ಚಂದ್ರನನ್ನು ಕಂಡವರಿಗೆ ಮಿಥ್ಯಾಪವಾದ ತಟ್ಟುತ್ತದೆ, ಕಥೆಯನ್ನು ಕೇಳಿ ಅದರೊಳಗಿನ ಶ್ಲೋಕವನ್ನು ಹೇಳಿಕೊಂಡರೆ ದೋಷ ಕಳೆಯುತ್ತದೆ ಎಂಬುದು ನಂಬಿಕೆ. ಇಂತಹ ಉಪನ್ಯಾಸವನ್ನು ಲಿಪ್ಯಂತರಿಸುವಾಗ ಸಂಸ್ಕೃತ ಶ್ಲೋಕವನ್ನು ಆವರಣದೊಳಗಿಟ್ಟು, ಕನ್ನಡ ಭಾಗವನ್ನಷ್ಟೇ ವಿಶ್ಲೇಷಿಸುವುದು ಸುಲಭದ ದಾರಿ. ಹಾಗೆ ಮಾಡಿದರೆ ಸಂಕಥನದ ಕೀಲನ್ನೇ ಕಳೆದುಕೊಳ್ಳುತ್ತೇವೆ ಎಂಬುದು ನಮ್ಮ ವಾದ. ಮುಂದಿನ ಕನ್ನಡ ಉದಾಹರಣೆಗಳು ವಿವರಣೆಗಾಗಿ ನಾವು ರಚಿಸಿದವು.

2. ಕಥೆಯೊಳಗೆ ಶ್ಲೋಕದ ಸ್ಥಾನ

ಸತ್ರಾಜಿತನ ತಮ್ಮ ಪ್ರಸೇನ ಮಣಿಯನ್ನು ಧರಿಸಿ ಬೇಟೆಗೆ ಹೋಗಿ ಮರಳಲಿಲ್ಲ. ಹಿಂದೆ ಮಣಿಯನ್ನು ಬಯಸಿದ್ದ ಕೃಷ್ಣನ ಮೇಲೆ ಕೊಲೆಯ ಅಪವಾದ ಬಂತು. ಕೃಷ್ಣ ಹೆಜ್ಜೆಯ ಜಾಡು ಹಿಡಿದು ಜಾಂಬವಂತನ ಗುಹೆಗೆ ಬಂದಾಗ, ಒಳಗೆ ದಾದಿಯೊಬ್ಬಳು ಅಳುವ ಮಗುವನ್ನು ಸಂತೈಸುತ್ತಿದ್ದಳು. ಆಕೆಯ ಮಾತೇ ಆ ಶ್ಲೋಕ. ಪ್ರಸೇನನನ್ನು ಸಿಂಹ ಕೊಂದುದು, ಸಿಂಹ ಜಾಂಬವಂತನಿಂದ ಹತವಾದುದು, ಮಗು ಅಳಬಾರದೆಂಬುದು, ಮಣಿ ಮಗುವಿನದೇ ಎಂಬುದು ಅದರ ನಾಲ್ಕು ಅಂಶಗಳು.

ವಿಷ್ಣುಪುರಾಣದ ನಾಲ್ಕನೆಯ ಅಂಶದಲ್ಲಿ ಈ ಪ್ರಸಂಗ ಗದ್ಯದಲ್ಲಿದ್ದು, ದಾದಿಯ ಮಾತು ಬಂದಾಗ ಪದ್ಯವಾಗುತ್ತದೆ. ಎಂದರೆ ಗದ್ಯದ ನಡುವೆ ಪದ್ಯವನ್ನು ನೆಯ್ಯುವ ಕ್ರಮ ಉಪನ್ಯಾಸಕಾರರು ಹೊಸದಾಗಿ ತಂದುದಲ್ಲ.

ಗಾಫ್‌ಮನ್ 1979ರಲ್ಲಿ ವಿವೇಚಿಸಿದ ಸಹಭಾಗಿ ಪಾತ್ರಗಳ ದೃಷ್ಟಿಯಿಂದ ಇಲ್ಲಿನ ಶ್ರೋತೃಗಳು ಮೂರು ಸ್ತರದವರು. ಮಗು ಸಂಬೋಧಿತ, ಕೃಷ್ಣ ಮರೆಯಲ್ಲಿ ನಿಂತು ಕೇಳಿಸಿಕೊಂಡವನು, ಸಭೆ ಮರುಕಥನವನ್ನು ಕೇಳುವುದು. ದಾದಿಗೆ ಆರೋಪದ ಅರಿವಿಲ್ಲ. ಸಾಕ್ಷಿ ಹೇಳುವ ಉದ್ದೇಶವಿಲ್ಲದೆ ಆಡಿದ ಮಾತಾದುದರಿಂದಲೇ ಅದಕ್ಕೆ ಸಾಕ್ಷ್ಯದ ಬಲ ಬರುತ್ತದೆ.

3. 'ಅಂತೆ' ಮತ್ತು 'ಎಂದಳು'

ಈ ಬಲವನ್ನು ಕನ್ನಡದಲ್ಲಿ ಉಳಿಸುವುದು ಎರಡು ಬಗೆಯ ವರದಿಗಳ ನಡುವಣ ಭೇದ. ಊರವರ ಮಾತು ಹೀಗೆ ಬರಬಹುದು:

(1) ಪ್ರಸೇನನನ್ನು ಕೃಷ್ಣನೇ ಕೊಂದನಂತೆ.

ದಾದಿಯ ಮಾತಾದರೋ:

(2) "ಸಿಂಹ ಪ್ರಸೇನನನ್ನು ಕೊಂದಿತು" ಎಂದಳು ದಾದಿ.

(1)ರಲ್ಲಿ 'ಅಂತೆ' ಸುದ್ದಿಯ ಮೂಲವನ್ನು ಹೆಸರಿಸುವುದಿಲ್ಲ. ಹೇಳುವವನು ಹೊಣೆ ಹೊರುವುದೂ ಇಲ್ಲ. (2)ರಲ್ಲಿ ವಕ್ತೃ ಯಾರೆಂಬುದು ಸ್ಪಷ್ಟ. ಅಪವಾದಕ್ಕೂ ಅದರ ನಿವಾರಣೆಗೂ ಇರುವ ಅಂತರ ವ್ಯಾಕರಣದಲ್ಲಿಯೇ ಗುರುತಾಗುತ್ತದೆ. ಅಜ್ಜಿಕಥೆಯ ರೀತಿಯಲ್ಲಿ ಇಡೀ ಕಥೆಯನ್ನು 'ಹೋದನಂತೆ, ಕಂಡನಂತೆ' ಎಂದು ಹೇಳಿದರೆ ಈ ಭೇದ ಅಳಿಸಿಹೋಗುತ್ತದೆ: ವದಂತಿಯೂ ಸಾಕ್ಷ್ಯವೂ ಒಂದೇ ತೂಕದ್ದಾಗುತ್ತವೆ.

4. ಟೀಕೆಯ ವಾಕ್ಯರಚನೆ

ಶ್ಲೋಕದ ಮೊದಲ ಉಪವಾಕ್ಯ ಕರ್ತರಿ, ಎರಡನೆಯದು ಕರ್ಮಣಿ. ಈ ಪಲ್ಲಟದಿಂದ ಎರಡರಲ್ಲಿಯೂ ಸಿಂಹವೇ ಪ್ರಥಮಾ ವಿಭಕ್ತಿಯಲ್ಲಿ ನಿಲ್ಲುತ್ತದೆ. ಇದರ ಕನ್ನಡ ಟೀಕೆಗೆ ಮೂರು ದಾರಿಗಳಿವೆ:

(3) ಸಿಂಹ ಪ್ರಸೇನನನ್ನು ಕೊಂದಿತು. ಸಿಂಹವು ಜಾಂಬವಂತನಿಂದ ಕೊಲ್ಲಲ್ಪಟ್ಟಿತು.
(4) ಸಿಂಹ ಪ್ರಸೇನನನ್ನು ಕೊಂದಿತು. ಆ ಸಿಂಹವನ್ನು ಜಾಂಬವಂತ ಕೊಂದ.
(5) ಪ್ರಸೇನನನ್ನು ಕೊಂದ ಸಿಂಹವನ್ನು ಜಾಂಬವಂತ ಕೊಂದ.

(3) ಮೂಲದ ರಚನೆಗೆ ನಿಷ್ಠವಾದರೂ 'ಅಲ್ಪಡು' ರೂಪ ಆಡುಮಾತಿನಲ್ಲಿ ಗ್ರಾಂಥಿಕವೆನಿಸುತ್ತದೆ. (4)ರಲ್ಲಿ ಕರ್ಮಪದವೇ ವಾಕ್ಯಾದಿಗೆ ಬಂದು, 'ಆ' ಎಂಬ ನಿರ್ದೇಶಕದೊಡನೆ ಸಿಂಹವನ್ನು ವಿಷಯಸ್ಥಾನದಲ್ಲಿ ಉಳಿಸುತ್ತದೆ. ಸಂಸ್ಕೃತವು ಪ್ರಯೋಗಭೇದದಿಂದ ಸಾಧಿಸಿದ್ದನ್ನು ಕನ್ನಡ ಪದಕ್ರಮದಿಂದ ಸಾಧಿಸುತ್ತದೆ.

(5) ಅಡಕವಾಗಿದೆ, ಸಹಜವೂ ಆಗಿದೆ. ಆದರೆ ಅದರ ದೋಷ ಅರ್ಥದ ನೆಲೆಯದು. ಕೃದಂತ ವಿಶೇಷಣವಾದ 'ಕೊಂದ' ಎಂಬುದು ಸಿಂಹದ ಕೃತ್ಯವನ್ನು ಪ್ರತಿಪಾದಿಸುವುದಿಲ್ಲ, ಪೂರ್ವಗೃಹೀತವೆಂದು ಭಾವಿಸುತ್ತದೆ. ನಿಷೇಧಿಸಿ ನೋಡಿದರೆ ಇದು ತಿಳಿಯುತ್ತದೆ: 'ಪ್ರಸೇನನನ್ನು ಕೊಂದ ಸಿಂಹವನ್ನು ಜಾಂಬವಂತ ಕೊಲ್ಲಲಿಲ್ಲ' ಎಂದರೂ ಸಿಂಹ ಪ್ರಸೇನನನ್ನು ಕೊಂದಿತೆಂಬುದು ಹಾಗೆಯೇ ಉಳಿಯುತ್ತದೆ. ಪ್ರಸೇನನನ್ನು ಕೊಂದವರು ಯಾರೆಂಬುದೇ ವಿವಾದವಾಗಿರುವಾಗ, ಉತ್ತರವು ವಿಶೇಷಣದೊಳಗೆ ಅಡಗುವುದು ಸಲ್ಲದು. ಅದು ಸ್ವತಂತ್ರ ವಾಕ್ಯವಾಗಿ ನಿಲ್ಲಬೇಕು. ಆದುದರಿಂದ (4)ನ್ನು ಸಮರ್ಥ ಟೀಕೆಯೆಂದು ನಾವು ಪರಿಗಣಿಸುತ್ತೇವೆ.

5. ಪಠಣ

ಉಪನ್ಯಾಸದ ಕೊನೆಗೆ ಸಭೆ ಅದೇ ಶ್ಲೋಕವನ್ನು ಒಟ್ಟಾಗಿ ಹೇಳುವಾಗ 'ಎಂದಳು' ಇಲ್ಲವಾಗುತ್ತದೆ. ಮಗುವಿನ ಸಂಬೋಧನೆ ಉಳಿದಿದ್ದರೂ ಸಂಬೋಧಿಸಲು ಮಗುವಿಲ್ಲ. ಉದ್ಧರಣೆಯಾಗಿದ್ದ ಮಾತು ಈಗ ಕ್ರಿಯೆಯಾಗಿದೆ. ಮಗುವಿಗೆ ಹೇಳಿದ 'ನಿನ್ನದು' ಎಂಬ ಮಾತನ್ನು ಆಗ ಯಾರೂ ತಮಗೆ ಅನ್ವಯಿಸಿಕೊಳ್ಳುವುದಿಲ್ಲ, ಏಕೆಂದರೆ ಅದರ ನಿರ್ದೇಶ್ಯವನ್ನು ಕಥೆ ಮೊದಲೇ ನಿಶ್ಚಯಿಸಿದೆ. ಅದರಿಂದ ಲಿಪ್ಯಂತರದಲ್ಲಿ ಶ್ಲೋಕದ ಎರಡೂ ಆವೃತ್ತಿಗಳನ್ನು ಪ್ರತ್ಯೇಕವಾಗಿ ದಾಖಲಿಸಿ, ಪ್ರತಿಯೊಂದಕ್ಕೂ ವಕ್ತೃ, ಸಂಬೋಧಿತ ಮತ್ತು ಉದ್ಧರಣ ಸೂಚಕವನ್ನು ಗುರುತಿಸಬೇಕು. 'ಶ್ಲೋಕ' ಎಂಬ ಒಂದೇ ಗುರುತು ಇವೆರಡನ್ನೂ ಒಂದಾಗಿಸಿಬಿಡುತ್ತದೆ.