ಕಂಬಿಯ ಮೇಲಿನ ಅಕ್ಷರ, ಚೀಲದ ಮೇಲಿನ ವಾರ

ಊರಿನಲ್ಲಿ ಮನೆ ಕಟ್ಟಿಸುತ್ತಾ ಬೆಂಗಳೂರಿನಲ್ಲೋ ದುಬೈನಲ್ಲೋ ದುಡಿಯುವವರಿಗೆ ಮೇಸ್ತ್ರಿ ಕಳಿಸುವ ವಾಟ್ಸಾಪ್ ಫೋಟೊಗಳೇ ಕಣ್ಣು. "ಮಾಲು ಬಂತು ಸಾರ್" ಎಂಬ ಸಾಲಿನ ಜೊತೆ ಕಂಬಿ ರಾಶಿಯನ್ನು ದೂರದಿಂದ ತೆಗೆದ ಒಂದು ಚಿತ್ರ ಬರುತ್ತದೆ. ಮಾಲು ಬಂದಿದೆ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. ಬಂದದ್ದು ಯಾವ ಮಾಲು ಎಂದು ತಿಳಿಯಲು ಹತ್ತಿರದಿಂದ ತೆಗೆದ ಕೆಲವು ಫೋಟೊಗಳನ್ನು ಕೇಳಿ ತರಿಸಿಕೊಳ್ಳಬೇಕು.

ಮೊದಲು ಕಂಬಿ. ಕಾರ್ಖಾನೆಯಲ್ಲಿ ಕೆಂಪಗೆ ಕಾದ ಕಬ್ಬಿಣ ಉರುಳೆಗಳ ನಡುವೆ ಹಾದುಹೋಗುವಾಗಲೇ ಕಂಪನಿಯ ಗುರುತು ಮತ್ತು ದರ್ಜೆ ಅದರ ಮೈಮೇಲೆ ಉಬ್ಬಕ್ಷರವಾಗಿ ಮೂಡುತ್ತವೆ. ಸುಮಾರು ಒಂದು, ಒಂದೂವರೆ ಮೀಟರಿಗೊಮ್ಮೆ ಅವು ಮತ್ತೆ ಮತ್ತೆ ಬರುತ್ತವೆ. ಹಾಗಾಗಿ ಕಂಬಿಯ ತುದಿಯನ್ನಷ್ಟೇ ತೋರಿಸುವ ಫೋಟೊದಲ್ಲಿ ಬರಹ ಕಾಣದಿದ್ದರೆ ಅದು ನಕಲಿ ಎಂದು ತೀರ್ಮಾನಿಸುವಂತಿಲ್ಲ. ಎರಡು ಮೀಟರು ಉದ್ದಕ್ಕೂ ಕಂಬಿಯನ್ನು ತಿರುಗಿಸುತ್ತಾ ವಿಡಿಯೊ ಮಾಡಲು ಹೇಳಿ. ನೆತ್ತಿಯ ಬಿಸಿಲಿನಲ್ಲಿ ಉಬ್ಬಕ್ಷರ ಮಂಕಾಗಿ ಕಾಣುತ್ತದೆ. ನೆರಳಿಗೆ ತಂದು ಟಾರ್ಚಿನ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಅಕ್ಷರಗಳ ನೆರಳು ಬಿದ್ದು ಸ್ಪಷ್ಟವಾಗುತ್ತದೆ. ಫೋಟೊವನ್ನು 'ಡಾಕ್ಯುಮೆಂಟ್' ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುವುದಿಲ್ಲ.

ಓದುವಾಗ ಕೊನೆಯ ಅಕ್ಷರದ ಮೇಲೆ ನಿಗಾ ಇರಲಿ. ಎಫ್‌ಇ 500 ಮತ್ತು ಎಫ್‌ಇ 500ಡಿ ಬೇರೆ ಬೇರೆ ದರ್ಜೆಗಳು. ಎರಡಕ್ಕೂ ಇರಬೇಕಾದ ಕನಿಷ್ಠ ಯೀಲ್ಡ್ ಬಲ ಒಂದೇ, ಆದರೆ ಮುರಿಯುವ ಮುನ್ನ ಮೊದಲನೆಯದು ಕನಿಷ್ಠ 12 ಶೇಕಡಾ ಹಿಗ್ಗಬೇಕು, 'ಡಿ' ಇರುವುದು 16 ಶೇಕಡಾ. ಭೂಕಂಪದಂಥ ಹೊಯ್ದಾಟದಲ್ಲಿ ಕಟ್ಟಡವನ್ನು ಕಾಯುವುದು ಈ ಹಿಗ್ಗುವ ಗುಣವೇ. ಎಂಜಿನಿಯರು 500ಡಿ ಬರೆದಿದ್ದು, ಫೋಟೊದ ಅಂಚಿನಲ್ಲಿ ಬರಹ 500ಕ್ಕೇ ತುಂಡಾಗಿದ್ದರೆ ಇನ್ನೊಂದು ಫೋಟೊ ಕೇಳಲೇಬೇಕು.

ಅಕ್ಷರ ಸರಿಯಿದ್ದರೂ ತೂಕ ಕಡಿಮೆಯಿರಬಹುದು. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ಹಿಡಿದು, ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಎಂಎಂ ಕಂಬಿಗೆ ಅದು ಸುಮಾರು 888 ಗ್ರಾಂ. ಈ ಗಾತ್ರದ ಒಂದು ತುಂಡು ಹೆಚ್ಚೆಂದರೆ 6 ಶೇಕಡಾ ಕಡಿಮೆ ತೂಗಬಹುದು ಎನ್ನುತ್ತದೆ ಭಾರತೀಯ ಮಾನಕ ಐಎಸ್ 1786. ಅಂದರೆ 835 ಗ್ರಾಂಗಿಂತ ಇಳಿಯುವಂತಿಲ್ಲ. ಒಂದು ಮೀಟರು ತುಂಡು ಕತ್ತರಿಸಿ, ಟೇಪು ಹಿಡಿದು ಒಂದು ಫೋಟೊ, ಸೊನ್ನೆ ತೋರುವ ಖಾಲಿ ತಕ್ಕಡಿಯದು ಒಂದು, ತುಂಡನ್ನು ತಕ್ಕಡಿಯ ಮೇಲಿಟ್ಟು ಇನ್ನೊಂದು ತೆಗೆಯಲಿ. ತೂಕ 810 ಗ್ರಾಂ ಬಂತೆನ್ನಿ. ಲೆಕ್ಕವನ್ನು ಹಿಂದುಮುಂದಾಗಿ ಮಾಡಿದರೆ ಆ ಕಂಬಿಯ ವ್ಯಾಸ ಹನ್ನೊಂದೂವರೆ ಮಿಲಿಮೀಟರಿನಷ್ಟೇ. ಕಿಲೋ ಲೆಕ್ಕದಲ್ಲಿ ಕೊಂಡಿದ್ದರೆ ಹಣ ಹೋಗಿರುವುದಿಲ್ಲ, ಆದರೆ ಪ್ರತಿ ಕಂಬದಲ್ಲೂ ಸುಮಾರು 9 ಶೇಕಡಾ ಕಬ್ಬಿಣ ಕಡಿಮೆ ಬೀಳುತ್ತದೆ. ಕಂಬಿಗಿಷ್ಟು ಎಂದು ಎಣಿಸಿ ಕೊಂಡಿದ್ದರೆ ಎರಡೂ ನಷ್ಟ.

ಇನ್ನು ಸಿಮೆಂಟು. ಚೀಲದ ಮೇಲಿನ ದೊಡ್ಡ ಹೆಸರಿಗಿಂತ ಸಣ್ಣ ಅಕ್ಷರಗಳೇ ಮುಖ್ಯ. ಒಪಿಸಿ ಸಿಮೆಂಟಿನ ಚೀಲದಲ್ಲಿ ಐಎಸ್ 269 ಎಂದೂ, ಹಾರುಬೂದಿ ಬೆರೆಸಿದ ಪಿಪಿಸಿ ಚೀಲದಲ್ಲಿ ಐಎಸ್ 1489 ಎಂದೂ ಇರಬೇಕು. ಜೊತೆಗೆ ಐಎಸ್‌ಐ ಗುರುತು, ಲೈಸೆನ್ಸ್ ಸಂಖ್ಯೆ ಇರುತ್ತವೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಆಮೇಲೆ ತಯಾರಿಕೆಯ ವಾರ ಮತ್ತು ವರ್ಷ ಹುಡುಕಿ. 2025ರ 22ನೇ ವಾರ ಎಂದರೆ ಮೇ ಕೊನೆ. ಆ ಚೀಲ ಸೆಪ್ಟೆಂಬರಿನಲ್ಲಿ ಇಳಿದರೆ ಮೂರು ತಿಂಗಳು ದಾಟಿದೆ. ತೇವ ಹೀರಿ ಬಲ ಕುಂದಿರಬಹುದಾದ್ದರಿಂದ ಮರುಪರೀಕ್ಷೆ ಮಾಡಿಸದೆ ಬಳಸಬಾರದು. ರಾಶಿಯ ಮುಂದಿನ ಚೀಲವೊಂದನ್ನೇ ನೋಡಿ ಸುಮ್ಮನಾಗಬೇಡಿ. ಹಿಂದಿನ, ಕೆಳಗಿನ ಚೀಲಗಳ ವಾರವನ್ನೂ ಕೇಳಿ. ಚೀಲದ ಬಾಯಿಗೆ ಕೈಹೊಲಿಗೆ ಬಿದ್ದಿದ್ದರೆ ಯಾರೋ ಬಿಚ್ಚಿ ಮತ್ತೆ ತುಂಬಿದ್ದಾರೆಂಬ ಅನುಮಾನ ಬರಬೇಕು.

50 ಕಿಲೋ ಎಂದು ಮುದ್ರಿಸಿರುವುದು ಚೀಲದ ತೂಕ ಬಿಟ್ಟು ಒಳಗಿನ ಸಿಮೆಂಟಿನ ತೂಕ. ಯಂತ್ರ ತುಂಬುವಾಗ ಒಂದು ಚೀಲ ತುಸು ಹೆಚ್ಚು, ಇನ್ನೊಂದು ತುಸು ಕಡಿಮೆ ಆಗುವುದುಂಟು. ಆದ್ದರಿಂದ ಒಂದೇ ಚೀಲ 49 ಕಿಲೋ ತೂಗಿತೆಂದು ಜಗಳಕ್ಕೆ ಹೋಗಬೇಡಿ. ಹತ್ತು ಚೀಲ ತೂಗಿಸಿ ಸರಾಸರಿ ತೆಗೆಯಿರಿ. ಅದು 50ಕ್ಕಿಂತ ಕಡಿಮೆಯಿದ್ದರೆ, ಅಥವಾ ಯಾವುದೇ ಚೀಲ 48 ಕಿಲೋಗಿಂತ ಇಳಿದಿದ್ದರೆ ಅಂಗಡಿಯವರನ್ನು ಕೇಳಬಹುದು.

ಇಷ್ಟೆಲ್ಲ ನೋಡಿದರೂ ಕಬ್ಬಿಣದ ಒಳಗುಣವಾಗಲಿ ಸಿಮೆಂಟಿನ ಬಲವಾಗಲಿ ಫೋಟೊದಲ್ಲಿ ಕಾಣದು. ಅದಕ್ಕೆ ಕಾರ್ಖಾನೆಯ ಪರೀಕ್ಷಾ ಪತ್ರ ಬೇಕು, ಮತ್ತು ಪತ್ರದಲ್ಲಿನ ಹೀಟ್ ಸಂಖ್ಯೆ ಕಂಬಿ ಕಟ್ಟಿಗೆ ತೂಗುಬಿಟ್ಟ ಟ್ಯಾಗಿನ ಸಂಖ್ಯೆಗೆ ತಾಳೆಯಾಗಬೇಕು. ಮಾಲು ಪೂರ್ತಿ ಇಳಿಸಿಕೊಳ್ಳುವ ಮೊದಲೇ ಟ್ಯಾಗು, ಉಬ್ಬಕ್ಷರ ಮತ್ತು ವಾರದ ಫೋಟೊಗಳನ್ನು ಕಳಿಸುವಂತೆ ಮೇಸ್ತ್ರಿಗೆ ಹೇಳಿಟ್ಟಿರಿ. ಲಾರಿಯ ಮೇಲಿರುವ ಮಾಲನ್ನು ಹಿಂದಕ್ಕೆ ಕಳಿಸಬಹುದು, ಕಾಂಕ್ರೀಟಿನೊಳಗೆ ಸೇರಿದ ಕಂಬಿಯನ್ನಲ್ಲ.